ಹೆರಿಗೆಯ ನಂತರದ ಸಕ್ಕರೆ ಪರೀಕ್ಷೆ: ಯಾವುದನ್ನು, ಯಾವಾಗ, ಎಷ್ಟು ವರ್ಷಕ್ಕೊಮ್ಮೆ

ಬಸಿರಿನಲ್ಲಿ ಕಾಣಿಸಿಕೊಂಡ ಸಕ್ಕರೆ ಬಹುಪಾಲು ತಾಯಂದಿರಲ್ಲಿ ಹೆರಿಗೆಯಾದ ಎರಡು ಮೂರು ದಿನಗಳಲ್ಲೇ ಇಳಿಯುತ್ತದೆ. ಇನ್ಸುಲಿನ್ ಕೆಲಸಕ್ಕೆ ಅಡ್ಡಬರುವ ಹಾರ್ಮೋನುಗಳು ಹುಟ್ಟುತ್ತಿದ್ದದ್ದು ಮಾಸಿನಿಂದ. ಮಾಸು ಹೊರಬಿದ್ದರೆ ಆ ಅಡ್ಡಿಯೂ ಹೋಗುತ್ತದೆ. ಆಸ್ಪತ್ರೆಯಲ್ಲಿ ಇನ್ಸುಲಿನ್ ನಿಲ್ಲಿಸುತ್ತಾರೆ, ಮನೆಯಲ್ಲಿ ಎಲ್ಲರೂ "ಶುಗರ್ ಹೋಯ್ತು" ಎಂದು ನಿಟ್ಟುಸಿರು ಬಿಡುತ್ತಾರೆ, ಬಾಣಂತಿ ತವರಿಗೆ ಹೋಗುತ್ತಾಳೆ. ಆದರೆ ಹೋದದ್ದು ಹೊರೆ ಮಾತ್ರ. ಆ ಹೊರೆಯನ್ನು ತಾಳಲಾರದೆ ಹೋದ ಮೇದೋಜೀರಕ ಗ್ರಂಥಿ ಹಾಗೇ ಉಳಿದಿರುತ್ತದೆ.

ಇದು ಎಷ್ಟು ಬೇಗ ಮತ್ತೆ ತಲೆಯೆತ್ತಬಹುದು ಎಂಬುದಕ್ಕೆ ನಮ್ಮ ಮೈಸೂರಿನದ್ದೇ ಲೆಕ್ಕವಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ ಬಸಿರಿನ ಹೊತ್ತಿಗೆ ಪರೀಕ್ಷೆಯಾಗಿದ್ದ ತಾಯಂದಿರನ್ನು ಸುಮಾರು 5 ವರ್ಷಗಳ ನಂತರ ಮತ್ತೆ ಕರೆದು ನೋಡಿದರು. ಬಸಿರಿನಲ್ಲಿ ಸಕ್ಕರೆ ಇದ್ದವರಲ್ಲಿ ಶೇಕಡಾ 37 ಮಂದಿಗೆ ಮಧುಮೇಹ ಬಂದಿತ್ತು. ಇಲ್ಲದಿದ್ದವರಲ್ಲಿ ಶೇಕಡಾ 2 ಮಂದಿಗೆ. 2007ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಬಸಿರಿನ ಸಕ್ಕರೆ ಇದ್ದ ತಾಯಂದಿರ ಸಂಖ್ಯೆ ಚಿಕ್ಕದು. ಹಾಗಾಗಿ 37 ಎಂಬ ಅಂಕಿಯನ್ನು ಕರಾರುವಾಕ್ಕಾಗಿ ಹಿಡಿಯಬೇಕಿಲ್ಲ. ಆದರೆ ಎರಡು ಗುಂಪುಗಳ ನಡುವೆ ಇರುವ ಅಂತರವನ್ನು ಆಕಸ್ಮಿಕ ಎನ್ನಲು ಬರುವುದಿಲ್ಲ. ಬೇರೆ ದೇಶಗಳ ದೊಡ್ಡ ಲೆಕ್ಕಗಳಲ್ಲೂ ಬಸಿರಿನ ಸಕ್ಕರೆ ಇದ್ದವರಿಗೆ ಮುಂದೆ ಮಧುಮೇಹ ಬರುವ ಸಾಧ್ಯತೆ ಏಳರಿಂದ ಹತ್ತು ಪಟ್ಟು ಹೆಚ್ಚು ಕಂಡಿದೆ.

ಹೆರಿಗೆಯ ನಂತರ ಯಾವ ಪರೀಕ್ಷೆ ಮಾಡಿಸಬೇಕು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಬ್ಬರು ಖಾಲಿ ಹೊಟ್ಟೆಯ ರಕ್ತ ಸಾಕು ಎಂದರೆ ಇನ್ನೊಬ್ಬರು ಮೂರು ತಿಂಗಳ ಸರಾಸರಿ ನೋಡೋಣ ಎನ್ನುತ್ತಾರೆ. ಮತ್ತೊಬ್ಬರು ಗ್ಲೂಕೋಸ್ ಕುಡಿಸಿ ಎರಡು ಗಂಟೆ ಕೂರಿಸುತ್ತಾರೆ. ಮೂರೂ ಸಕ್ಕರೆಯ ಪರೀಕ್ಷೆಗಳೇ ಆದರೂ ಅವು ನೋಡುವುದು ಬೇರೆ ಬೇರೆ ಸಂಗತಿಗಳನ್ನು.

ಮೊದಲ ಪರೀಕ್ಷೆ: ಮೂರರಲ್ಲಿ ಯಾವುದು?

ನಮ್ಮ ಉತ್ತರ ಮೊದಲೇ ಹೇಳಿಬಿಡುತ್ತೇವೆ. ಹೆರಿಗೆಯಾಗಿ 6 ವಾರ ತುಂಬಿದ ಮೇಲೆ, 12 ವಾರ ದಾಟುವ ಮೊದಲು, 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಯ ನಂತರ ರಕ್ತ ಕೊಡುವ ಪರೀಕ್ಷೆ. ಲ್ಯಾಬುಗಳಲ್ಲಿ ಇದನ್ನು ಓಜಿಟಿಟಿ ಅಥವಾ ಬರೀ ಜಿಟಿಟಿ ಎನ್ನುತ್ತಾರೆ. ಭಾರತದ ಆರೋಗ್ಯ ಸಚಿವಾಲಯದ 2018ರ ಮಾರ್ಗಸೂಚಿ ಹೇಳುವುದೂ 6 ವಾರಕ್ಕೆ ಇದನ್ನೇ. ಅಮೆರಿಕದ ಡಯಾಬಿಟಿಸ್ ಅಸೋಸಿಯೇಷನ್ ಇದೇ ಪರೀಕ್ಷೆಗೆ 4ರಿಂದ 12 ವಾರದ ಅವಧಿ ಕೊಡುತ್ತದೆ.

ಖಾಲಿ ಹೊಟ್ಟೆಯ ರಕ್ತ ತೋರಿಸುವುದು ರಾತ್ರಿಯಿಡೀ ಯಕೃತ್ತು ಎಷ್ಟು ಸಕ್ಕರೆ ಹೊರಬಿಟ್ಟಿತು, ಅದನ್ನು ದೇಹ ಹೇಗೆ ಹದ್ದುಬಸ್ತಿನಲ್ಲಿಟ್ಟಿತು ಎಂಬುದನ್ನು. ಊಟದ ಸಕ್ಕರೆ ಒಮ್ಮೆಗೇ ಬಂದು ಬಿದ್ದಾಗ ದೇಹ ಅದನ್ನು ಎಷ್ಟು ಚುರುಕಾಗಿ ನಿಭಾಯಿಸುತ್ತದೆ ಎಂಬುದು ಅದರಲ್ಲಿ ಕಾಣುವುದಿಲ್ಲ. ಬಸಿರಿನಲ್ಲಿ ಸಕ್ಕರೆ ಬಂದ ಅನೇಕ ತಾಯಂದಿರಲ್ಲಿ ಸೋತಿರುವುದು ಈ ಎರಡನೆಯ ಕೆಲಸ. ಭಾರತೀಯರಲ್ಲಂತೂ ಬೆಳಗಿನ ಸಕ್ಕರೆ ಸರಿಯಾಗಿದ್ದು ಎರಡು ಗಂಟೆಯ ಸಕ್ಕರೆ ಮಾತ್ರ ಏರಿರುವುದು ಸಾಮಾನ್ಯ. ಖಾಲಿ ಹೊಟ್ಟೆಯದ್ದನ್ನಷ್ಟೇ ಮಾಡಿಸಿದರೆ ಇಂಥವರಿಗೆ "ನಾರ್ಮಲ್" ಎಂಬ ಚೀಟಿ ಸಿಕ್ಕಿಬಿಡುತ್ತದೆ.

ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ, ಕೇಳಲು ಎಲ್ಲಕ್ಕಿಂತ ಸುಲಭ. ಉಪವಾಸ ಬೇಡ, ಕಾಯಬೇಕಿಲ್ಲ, ಒಂದೇ ಚುಚ್ಚು. ಆದರೆ ಹೆರಿಗೆಯಾದ ಮೊದಲ ಮೂರು ತಿಂಗಳಲ್ಲಿ ನಂಬಲು ಬಾರದ ಪರೀಕ್ಷೆಯೂ ಇದೇ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನ ಸಕ್ಕರೆಯಲ್ಲಿ ಅದ್ದಿ ಅದಕ್ಕೆ ಎಷ್ಟು ಅಂಟಿತು ಎಂಬುದೇ ಈ ಅಂಕಿ. ಬಸಿರಿನಲ್ಲಿ ರಕ್ತಕಣಗಳು ಬೇಗ ಬೇಗ ಹೊಸದಾಗುತ್ತವೆ. ಹೆರಿಗೆಯಲ್ಲಿ ರಕ್ತ ಹೋಗುತ್ತದೆ. ಆಮೇಲೆ ಕಬ್ಬಿಣದ ಮಾತ್ರೆ ನುಂಗುವಾಗ ಎಳೆಯ ಕಣಗಳು ತುಂಬಿಕೊಳ್ಳುತ್ತವೆ. ಎಳೆಯ ಕಣಕ್ಕೆ ಸಕ್ಕರೆ ಅಂಟಲು ಸಮಯವೇ ಸಿಕ್ಕಿರುವುದಿಲ್ಲವಾದ್ದರಿಂದ ಅಂಕಿ ಇರಬೇಕಾದ್ದಕ್ಕಿಂತ ಕಡಿಮೆ ಬರುತ್ತದೆ. ಇದಕ್ಕೆ ತದ್ವಿರುದ್ಧವೂ ಆಗುವುದುಂಟು. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದು ಚಿಕಿತ್ಸೆ ಆಗದಿದ್ದರೆ ಹಳೆಯ ಕಣಗಳೇ ಹೆಚ್ಚು ದಿನ ಓಡಾಡುತ್ತವೆ, ಅಂಕಿ ಸುಳ್ಳಾಗಿ ಏರುತ್ತದೆ. ಹೆರಿಗೆಯ ವೇಳೆ ರಕ್ತ ಹಾಕಿಸಿಕೊಂಡವರಲ್ಲಿ ಅಳೆಯುವುದು ಅರ್ಧ ಬೇರೊಬ್ಬರ ರಕ್ತವನ್ನು. ಬಾಣಂತಿಯರಲ್ಲಿ ರಕ್ತಹೀನತೆ ಇಷ್ಟು ಸಾಮಾನ್ಯವಾಗಿರುವ ನಮ್ಮಲ್ಲಿ ಆರನೇ ವಾರದ ಎಚ್‌ಬಿಎ1ಸಿ ಮೇಲೆ ತೀರ್ಮಾನ ಮಾಡುವುದು ಸರಿಯಲ್ಲ.

ಲಂಡನ್ನಿನಲ್ಲೋ ಮ್ಯಾಂಚೆಸ್ಟರಿನಲ್ಲೋ ಹೆರಿಗೆಯಾದ ಕನ್ನಡಿತಿಯರು ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ. ಬ್ರಿಟನ್ನಿನ ನೈಸ್ ಮಾರ್ಗಸೂಚಿ 6ರಿಂದ 13 ವಾರದೊಳಗೆ ಕೇಳುವುದು ಖಾಲಿ ಹೊಟ್ಟೆಯ ರಕ್ತವನ್ನು ಮಾತ್ರ. 13 ವಾರ ದಾಟಿದ ಮೇಲೆ ಬಂದವರಿಗೆ ಖಾಲಿ ಹೊಟ್ಟೆಯದ್ದು, ಅದು ಆಗದಿದ್ದರೆ ಎಚ್‌ಬಿಎ1ಸಿ. ಗ್ಲೂಕೋಸ್ ಕುಡಿಸುವ ಪರೀಕ್ಷೆಯನ್ನು ಅಲ್ಲಿ ವಾಡಿಕೆಯಾಗಿ ಮಾಡುವುದಿಲ್ಲ. ಹಾಗೆಂದು ಅಲ್ಲಿನವರು ಅಸಡ್ಡೆ ಮಾಡಿದರೆಂದಲ್ಲ. ಆ ವ್ಯವಸ್ಥೆ ಮೊದಲ ಪರೀಕ್ಷೆಯನ್ನು ಹಗುರವಾಗಿಟ್ಟು ಪ್ರತಿ ವರ್ಷ ತಪ್ಪದೆ ಎಚ್‌ಬಿಎ1ಸಿ ಮಾಡಿಸುವುದರ ಮೇಲೆ ಭಾರ ಹಾಕಿದೆ. ಮೊದಲ ಜರಡಿಯಲ್ಲಿ ಜಾರಿದ್ದು ಎರಡನೆಯದರಲ್ಲಿ ಸಿಕ್ಕುತ್ತದೆ ಎಂಬ ಲೆಕ್ಕ. ವರ್ಷ ವರ್ಷ ಕರೆದು ನೆನಪಿಸುವ ವೈದ್ಯರಿಲ್ಲದ ಊರಿನಲ್ಲಿ ಮೊದಲ ಜರಡಿಯೇ ಸಣ್ಣ ಕಣ್ಣಿನದ್ದಾಗಿರಬೇಕು. ನಾವು ಎರಡು ಗಂಟೆಯ ಪರೀಕ್ಷೆಯ ಪರವಾಗಿ ನಿಲ್ಲಲು ಮುಖ್ಯ ಕಾರಣ ಇದು.

ಆಸ್ಪತ್ರೆ ಬಿಡುವ ಮೊದಲೇ, ಎರಡು ಮೂರನೆಯ ದಿನ ನೋಡುವ ಸಕ್ಕರೆಯ ಬಗ್ಗೆಯೂ ಒಂದು ಮಾತು. ಭಾರತದ ಮಾರ್ಗಸೂಚಿ ಮೂರನೆಯ ದಿನ ಖಾಲಿ ಹೊಟ್ಟೆಯದ್ದು ಮತ್ತು ಊಟವಾಗಿ ಎರಡು ಗಂಟೆಯದ್ದು ನೋಡಲು ಹೇಳುತ್ತದೆ. ಅದರ ಉದ್ದೇಶ ಬೇರೆ: ಬಸಿರಿಗೆ ಮುಂಚೆಯೇ ಮಧುಮೇಹ ಇದ್ದು ಗೊತ್ತಾಗದೆ ಹೋದವರನ್ನು ಅಲ್ಲೇ ಹಿಡಿಯುವುದು. ಬಸಿರಿನ ಮೊದಲ ತಿಂಗಳುಗಳಲ್ಲೇ ಖಾಲಿ ಹೊಟ್ಟೆಯ ಸಕ್ಕರೆ 126 ದಾಟಿದ್ದವರು, ಎಚ್‌ಬಿಎ1ಸಿ 6.5 ಮುಟ್ಟಿದ್ದವರು ಆರು ವಾರ ಕಾಯಬಾರದು. ಅವರಿಗೆ ಈ ಮೂರನೇ ದಿನದ ನೋಟ ಬೇಕೇ ಬೇಕು. ಆರನೇ ವಾರಕ್ಕೆ ಖಂಡಿತ ಬರಲಾಗದು ಎಂದು ಗೊತ್ತಿರುವ ತಾಯಿಗೆ ಡಿಸ್ಚಾರ್ಜಿಗೆ ಮುಂಚೆಯೇ 75 ಗ್ರಾಂ ಪರೀಕ್ಷೆ ಮಾಡುವ ಕ್ರಮವೂ ಈಚೆಗೆ ಕೆಲವೆಡೆ ಇದೆ. ಏನೂ ಮಾಡದೆ ಬಿಡುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ಆಗ ಸ್ವಲ್ಪ ಏರಿದ್ದ ಅಂಕಿ ಕೆಲ ವಾರಗಳಲ್ಲಿ ತಾನೇ ಇಳಿಯುವುದುಂಟು, ಹಾಗಾಗಿ ಏರಿದ್ದರೆ ಮತ್ತೆ ನೋಡಬೇಕಾಗುತ್ತದೆ.

ಪರೀಕ್ಷೆ ಕೆಡುವುದು ಎಲ್ಲಿ

ಎಲ್ಲಕ್ಕಿಂತ ದೊಡ್ಡ ಎಡವಟ್ಟು ಹೆಸರಿನದ್ದು. ಲ್ಯಾಬಿನ ಕೌಂಟರಿನಲ್ಲಿ "ಊಟಕ್ಕೆ ಮುಂಚೆ, ಊಟದ ನಂತರ" ಎಂದು ಹೇಳಿದರೆ ಅವರು ಮಾಡುವುದು ಎಫ್‌ಬಿಎಸ್ ಮತ್ತು ಪಿಪಿಬಿಎಸ್. ಪಿಪಿಬಿಎಸ್ ಎಂದರೆ ನೀವು ಹೊರಗೆ ಹೋಗಿ ಎರಡು ಇಡ್ಲಿ ತಿಂದು ಬಂದು ಕೊಡುವ ರಕ್ತ. ಎರಡು ಇಡ್ಲಿಗೂ 75 ಗ್ರಾಂ ಗ್ಲೂಕೋಸಿಗೂ ಅಜಗಜಾಂತರ. ಎರಡು ಗಂಟೆಯ ಸಕ್ಕರೆಗೆ ಇಟ್ಟಿರುವ 140, 200 ಎಂಬ ಗಡಿಗಳು ನಿಂತಿರುವುದು 75 ಗ್ರಾಂ ಗ್ಲೂಕೋಸಿನ ಮೇಲೆ, ತಿಂಡಿಯ ಮೇಲಲ್ಲ. ಆದ್ದರಿಂದ "75 ಗ್ರಾಂ ಜಿಟಿಟಿ, ಖಾಲಿ ಹೊಟ್ಟೆಯದ್ದು ಮತ್ತು ಎರಡು ಗಂಟೆಯದ್ದು, ನಾನೀಗ ಗರ್ಭಿಣಿಯಲ್ಲ" ಎಂದು ಬಿಡಿಸಿ ಹೇಳಿ. ಕೊನೆಯ ಮಾತು ಯಾಕೆಂದರೆ, ಜಿಟಿಟಿ ಎಂದ ಕೂಡಲೇ ಕೆಲವು ಲ್ಯಾಬುಗಳ ವರದಿಯಲ್ಲಿ ಗರ್ಭಿಣಿಯರ ಗಡಿಗಳೇ ಅಚ್ಚಾಗಿ ಬರುತ್ತವೆ. ಬಸಿರಿನಲ್ಲಿ ಖಾಲಿ ಹೊಟ್ಟೆಯ ಗಡಿ 92. ಹೆರಿಗೆಯ ನಂತರ ಆ ಗಡಿ ಇಲ್ಲ. 95 ಬಂದ ತಾಯಿ ವರದಿಯ ದಪ್ಪಕ್ಷರ ನೋಡಿ ಸುಮ್ಮನೆ ಗಾಬರಿಯಾಗುತ್ತಾಳೆ.

ಪರೀಕ್ಷೆಗೆ ಮೂರು ದಿನ ಮೊದಲು ಎಂದಿನ ಊಟ ಮಾಡಬೇಕು, ದಿನಕ್ಕೆ ಕನಿಷ್ಠ 150 ಗ್ರಾಂ ಪಿಷ್ಟ ಹೊಟ್ಟೆಗೆ ಬೀಳುವಂತೆ. ಮೂರು ಹೊತ್ತೂ ಅನ್ನವೋ ಮುದ್ದೆಯೋ ಚಪಾತಿಯೋ ಹೊಟ್ಟೆ ತುಂಬ ತಿನ್ನುವವರಿಗೆ ಇದರ ಲೆಕ್ಕ ಬೇಡ. ಆದರೆ ಬಸಿರಿನ ಪಥ್ಯವನ್ನೇ ಮುಂದುವರಿಸಿ ಅನ್ನ ಬಿಟ್ಟವರು, ಪರೀಕ್ಷೆ ಚೆನ್ನಾಗಿ ಬರಲಿ ಎಂದು ಎರಡು ದಿನ ಬರೀ ಸೊಪ್ಪು ಸಾರು ತಿಂದವರು ಮೋಸ ಹೋಗುತ್ತಾರೆ. ಪಿಷ್ಟ ಬರುವುದು ನಿಂತಾಗ ದೇಹ ಇನ್ಸುಲಿನ್ನನ್ನು ಸರಕ್ಕನೆ ಬಿಡುವ ಅಭ್ಯಾಸ ತಪ್ಪುತ್ತದೆ. ಇದ್ದಕ್ಕಿದ್ದಂತೆ 75 ಗ್ರಾಂ ಬಂದರೆ ಎರಡು ಗಂಟೆಯ ಅಂಕಿ ಇಲ್ಲದ ಕಾಯಿಲೆಯನ್ನು ತೋರಿಸುತ್ತದೆ.

ಹಿಂದಿನ ರಾತ್ರಿ ಒಂಬತ್ತೂವರೆಗೆ ಊಟ ಮುಗಿಸಿದರೆ ಬೆಳಿಗ್ಗೆ ಏಳಕ್ಕೆ ರಕ್ತ ಕೊಡಬಹುದು. ಕನಿಷ್ಠ 8 ಗಂಟೆಯ ಉಪವಾಸ ಬೇಕು, 14 ದಾಟಬಾರದು. ನೀರು ಎಷ್ಟು ಬೇಕಾದರೂ ಕುಡಿಯಿರಿ. ರಾತ್ರಿಯೆಲ್ಲ ಹಾಲೂಡಿಸಿದವಳು ನೀರೂ ಇಲ್ಲದೆ ಬಂದರೆ ಲ್ಯಾಬಿನಲ್ಲಿ ತಲೆ ಸುತ್ತುತ್ತದೆ. ಬಾಣಂತಿಗೆ ನಡುರಾತ್ರಿ ಹಸಿವಾಗಿ ಒಂದು ಅಂಟಿನುಂಡೆ ಬಾಯಿಗೆ ಹಾಕಿಕೊಳ್ಳುವುದು, ಬೆಳಿಗ್ಗೆ ಎದ್ದು ವೀಳ್ಯದೆಲೆ ಮೆಲ್ಲುವುದು ವಾಡಿಕೆಯಾಗಿರುವ ಮನೆಗಳಲ್ಲಿ ಅಮ್ಮನಿಗೂ ಅತ್ತೆಗೂ ಹಿಂದಿನ ದಿನವೇ ಹೇಳಿಡಬೇಕು. ಸಕ್ಕರೆ ಹಾಕದ ಕಾಫಿಯೂ ಬೇಡ.

ಮೊದಲ ರಕ್ತ ತೆಗೆದ ಮೇಲೆ 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಎಂ.ಎಲ್. ನೀರಿನಲ್ಲಿ ಕರಗಿಸಿ ಕೊಡುತ್ತಾರೆ. ಐದು ನಿಮಿಷದಲ್ಲಿ, ಹೆಚ್ಚೆಂದರೆ ಹತ್ತರಲ್ಲಿ, ಕುಡಿದು ಮುಗಿಸಬೇಕು. ಎರಡು ಗಂಟೆಯ ಲೆಕ್ಕ ಶುರುವಾಗುವುದು ಮೊದಲ ಗುಟುಕಿನಿಂದ. ಆ ಗಳಿಗೆಯನ್ನು ನೀವೇ ಗಡಿಯಾರ ನೋಡಿ ಬರೆದುಕೊಳ್ಳಿ, ಜನಸಂದಣಿಯಲ್ಲಿ ಒಂದೂವರೆ ಗಂಟೆಗೇ ಕರೆಯುವುದೂ ಎರಡೂವರೆ ಗಂಟೆಯವರೆಗೆ ಮರೆಯುವುದೂ ನಡೆಯುತ್ತದೆ. ಹಣ್ಣಿನ ರುಚಿಯ ಗ್ಲೂಕೋಸ್ ಪುಡಿಗಳಲ್ಲಿ ಮಾಮೂಲಿ ಸಕ್ಕರೆಯೂ ಬೆರೆತಿರುತ್ತದೆ, ಅವು ಪರೀಕ್ಷೆಗೆ ಆಗವು. ಕುಡಿದು ಅರ್ಧ ಗಂಟೆಯೊಳಗೆ ವಾಂತಿಯಾದರೆ ಅಂದಿನ ಪರೀಕ್ಷೆ ಅಲ್ಲಿಗೇ ಮುಗಿಯಿತು, ಇನ್ನೊಂದು ದಿನ ಮಾಡಬೇಕು. ಅರ್ಧ ಗಂಟೆಯ ನಂತರವಾದರೆ ಮುಂದುವರಿಸಬಹುದು ಎಂದು ಭಾರತದ ಮಾರ್ಗಸೂಚಿ ಹೇಳುತ್ತದೆ. ಆ ಎರಡು ಗಂಟೆ ಅಲ್ಲೇ ಕೂತಿರಬೇಕು. ಮಾರ್ಕೆಟ್ಟಿಗೆ ನಡೆದು ಹೋಗಿ ಬಂದರೆ ಸ್ನಾಯುಗಳು ಸಕ್ಕರೆ ಎಳೆದುಕೊಂಡು ಅಂಕಿ ಇಳಿಯುತ್ತದೆ. ಮಗುವನ್ನು ಕರೆದುಕೊಂಡು ಹೋಗಿ, ಹಸಿದರೆ ಹಾಲೂಡಿಸಿ. ಕುಡಿದ ಗ್ಲೂಕೋಸಿನಿಂದ ಹಾಲಿಗೆ ಏನೂ ಆಗುವುದಿಲ್ಲ.

ರಕ್ತ ತೆಗೆದಾದ ಮೇಲೂ ಒಂದು ತಪ್ಪು ನಡೆಯುತ್ತದೆ, ಅದು ರೋಗಿಯ ಕಣ್ಣಿಗೆ ಬೀಳುವುದೇ ಇಲ್ಲ. ಟ್ಯೂಬಿನೊಳಗಿನ ರಕ್ತಕಣಗಳು ಬದುಕಿರುತ್ತವೆ, ಸಕ್ಕರೆ ತಿನ್ನುತ್ತಲೇ ಇರುತ್ತವೆ, ಗಂಟೆಗೆ ಸುಮಾರು ಶೇಕಡಾ 5ರಿಂದ 7ರಷ್ಟು. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿನಲ್ಲಿ ತೆಗೆದರೂ ಮೊದಲ ಒಂದೆರಡು ಗಂಟೆ ಇದು ಪೂರ್ತಿ ನಿಲ್ಲುವುದಿಲ್ಲ. ಹಳ್ಳಿಯ ಕಲೆಕ್ಷನ್ ಸೆಂಟರಿನಲ್ಲಿ ಬೆಳಿಗ್ಗೆ ಏಳಕ್ಕೆ ತೆಗೆದ ರಕ್ತ ಮಧ್ಯಾಹ್ನ ಪಟ್ಟಣದ ಲ್ಯಾಬ್ ಸೇರಿದರೆ ನಿಜವಾಗಿ 104 ಇದ್ದದ್ದು 95ರ ಆಸುಪಾಸಿಗೆ ಇಳಿದಿರಬಹುದು. ಹಾಗಾಗಿ ಈ ಒಂದು ಪರೀಕ್ಷೆಗಾದರೂ ಅಲ್ಲೇ ಮೆಷಿನ್ ಇರುವ ಲ್ಯಾಬಿಗೆ ಹೋಗುವುದು ಒಳ್ಳೆಯದು. ತಾಲ್ಲೂಕು ಆಸ್ಪತ್ರೆಯ ಲ್ಯಾಬ್ ಆದರೂ ಸರಿ.

ಮನೆಯ ಗ್ಲುಕೋಮೀಟರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೀಟರಿಗೆ ಶೇಕಡಾ 15ರ ತನಕ ಹೆಚ್ಚುಕಡಿಮೆ ತೋರಿಸಲು ಅಂತರರಾಷ್ಟ್ರೀಯ ಮಾನದಂಡವೇ ಅವಕಾಶ ಕೊಟ್ಟಿದೆ. ನಿಜವಾದ 126 ಅದರಲ್ಲಿ 107 ಎಂದೂ ಕಾಣಬಹುದು, 145 ಎಂದೂ ಕಾಣಬಹುದು. ಏರುತ್ತಿದೆಯೇ ಇಳಿಯುತ್ತಿದೆಯೇ ಎಂದು ಗಮನಿಸಲು ಅದು ಸಾಕು, ಮಧುಮೇಹ ಇದೆ ಅಥವಾ ಇಲ್ಲ ಎನ್ನಲು ಸಾಲದು.

ಅಂಕಿಗಳನ್ನು ಓದುವುದು ಹೇಗೆ

ಖಾಲಿ ಹೊಟ್ಟೆಯದ್ದು 100ಕ್ಕಿಂತ ಕಡಿಮೆ, ಎರಡು ಗಂಟೆಯದ್ದು 140ಕ್ಕಿಂತ ಕಡಿಮೆ ಇದ್ದರೆ ಸದ್ಯಕ್ಕೆ ಸರಿ. ಖಾಲಿ ಹೊಟ್ಟೆಯದ್ದು 126 ಅಥವಾ ಮೇಲೆ, ಇಲ್ಲವೇ ಎರಡು ಗಂಟೆಯದ್ದು 200 ಅಥವಾ ಮೇಲೆ ಇದ್ದರೆ ಅದು ಮಧುಮೇಹದ ಮಟ್ಟ. ನಡುವಿನದ್ದೆಲ್ಲ ಪ್ರೀಡಯಾಬಿಟಿಸ್, ಅಂದರೆ ಮಧುಮೇಹಕ್ಕೆ ಹಿಂದಿನ ಹಂತ. ಖಾಲಿ ಹೊಟ್ಟೆಯ ಕೆಳಗಡಿಯಲ್ಲಿ ಮಾತ್ರ ಎಲ್ಲರದ್ದೂ ಒಂದೇ ಮಾತಲ್ಲ: ಅಮೆರಿಕದವರು 100ರಿಂದ ಎಚ್ಚರ ಎಂದರೆ ವಿಶ್ವ ಆರೋಗ್ಯ ಸಂಸ್ಥೆ 110ರಿಂದ ಎನ್ನುತ್ತದೆ. ಬ್ರಿಟನ್ನಿನ ವರದಿ ಬೇರೆ ಮಾನದಲ್ಲಿರುತ್ತದೆ. ಅದನ್ನು 18ರಿಂದ ಗುಣಿಸಿದರೆ ನಮ್ಮ ಅಂಕಿ ಸಿಗುತ್ತದೆ. ಅಲ್ಲಿನ 6.0 ನಮ್ಮ 108.

ಎರಡರಲ್ಲಿ ಒಂದು ಅಂಕಿ ಮಾತ್ರ ಮಧುಮೇಹದ ಮಟ್ಟ ಮುಟ್ಟಿ, ಯಾವ ಲಕ್ಷಣವೂ ಇಲ್ಲದಿದ್ದರೆ ಇನ್ನೊಂದು ದಿನ ಮತ್ತೆ ಮಾಡಿಸಿ ಖಾತ್ರಿ ಮಾಡಿಕೊಳ್ಳಬೇಕು. ಎರಡು ಗಂಟೆಯ ಅಂಕಿ ಒಂದೇ ವ್ಯಕ್ತಿಯಲ್ಲಿ ವಾರದಿಂದ ವಾರಕ್ಕೆ ಸಾಕಷ್ಟು ಬದಲಾಗುತ್ತದೆ. ಎರಡೂ ಅಂಕಿಗಳು ಒಟ್ಟಿಗೇ ಗಡಿ ದಾಟಿದ್ದರೆ ಮತ್ತೆ ಕಾಯಬೇಕಿಲ್ಲ.

ಕಲ್ಪಿಸಿಕೊಂಡ ಒಂದು ಉದಾಹರಣೆ ತೆಗೆದುಕೊಳ್ಳೋಣ. ವಯಸ್ಸು 28, ಬಸಿರಿನಲ್ಲಿ ಇನ್ಸುಲಿನ್ ಬೇಕಾಗಿತ್ತು, ಜನವರಿ 10ಕ್ಕೆ ಹೆರಿಗೆ, ಬಾಣಂತನ ತುಮಕೂರಿನ ತವರಿನಲ್ಲಿ, ಬಸಿರಿನಲ್ಲಿ ನೋಡಿದ ವೈದ್ಯರು ಬೆಂಗಳೂರಿನಲ್ಲಿ. ಆರು ವಾರ ತುಂಬುವುದು ಫೆಬ್ರುವರಿ 21ಕ್ಕೆ, ಹನ್ನೆರಡು ವಾರ ಏಪ್ರಿಲ್ 4ಕ್ಕೆ. ಈ ಅವಧಿ ಪೂರ್ತಿ ಆಕೆ ತುಮಕೂರಿನಲ್ಲೇ ಇರುತ್ತಾಳೆ. ಪರೀಕ್ಷೆ ತಪ್ಪಿಹೋಗುವುದು ಬಹಳ ಸಲ ಹೀಗೆಯೇ: ಚೀಟಿ ಬೆಂಗಳೂರಿನಲ್ಲಿ, ತಾಯಿ ತವರಿನಲ್ಲಿ. ಡಿಸ್ಚಾರ್ಜ್ ದಿನವೇ ಪರೀಕ್ಷೆಯ ಹೆಸರು ಮತ್ತು ತಾರೀಖನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಂಡರೆ ಯಾವ ಊರಿನ ಲ್ಯಾಬಿನಲ್ಲಾದರೂ ಮಾಡಿಸಬಹುದು. ಮಗುವಿನ ಆರನೇ ವಾರದ ಚುಚ್ಚುಮದ್ದು ಅದೇ ದಿನಗಳಲ್ಲಿ ಬರುತ್ತದೆ, ಅದೊಂದು ಒಳ್ಳೆಯ ನೆನಪಿನ ಗುರುತು. ಎರಡನ್ನೂ ಒಂದೇ ಬೆಳಿಗ್ಗೆ ಇಟ್ಟುಕೊಳ್ಳದಿರುವುದು ಲೇಸು. ಚುಚ್ಚಿಸಿಕೊಂಡು ಅಳುವ ಮಗುವನ್ನೆತ್ತಿಕೊಂಡು ಎರಡು ಗಂಟೆ ಲ್ಯಾಬಿನಲ್ಲಿ ಕೂರುವುದು ಕಷ್ಟ.

ಆಕೆ ಏಳನೇ ವಾರದಲ್ಲಿ ಪರೀಕ್ಷೆ ಮಾಡಿಸುತ್ತಾಳೆ ಎನ್ನಿ. ಖಾಲಿ ಹೊಟ್ಟೆಯದ್ದು 96. ಎರಡು ಗಂಟೆಯದ್ದು 171. ಅದೇ ದಿನ ಹಿಮೋಗ್ಲೋಬಿನ್ 9.4, ಕಬ್ಬಿಣದ ಮಾತ್ರೆ ನಡೆಯುತ್ತಿದೆ, ಎಚ್‌ಬಿಎ1ಸಿ 5.3. ಖಾಲಿ ಹೊಟ್ಟೆಯ ರಕ್ತವನ್ನಷ್ಟೇ ನೋಡಿದವರು ಆಕೆಯನ್ನು ಆರೋಗ್ಯವಂತೆ ಎನ್ನುತ್ತಿದ್ದರು. ಎಚ್‌ಬಿಎ1ಸಿ ನೋಡಿದವರೂ ಹಾಗೆಯೇ ಎನ್ನುತ್ತಿದ್ದರು, ಆದರೆ ಆ 5.3ರಲ್ಲಿ ಎಳೆಯ ರಕ್ತಕಣಗಳ ಪಾಲು ಎಷ್ಟೋ. 171 ಮಾತ್ರ ನಿಜ ಹೇಳುತ್ತಿದೆ: ಆಕೆಗೆ ಪ್ರೀಡಯಾಬಿಟಿಸ್ ಇದೆ.

ಹೆರಿಗೆಯಾಗಿ ಒಂದು ವರ್ಷ ತುಂಬುವ ಹೊತ್ತಿಗೆ ರಕ್ತಹೀನತೆ ಸರಿಹೋಗಿದೆ, ಹಿಮೋಗ್ಲೋಬಿನ್ 12.1. ಖಾಲಿ ಹೊಟ್ಟೆಯದ್ದು 102, ಎಚ್‌ಬಿಎ1ಸಿ 5.8 ಬರುತ್ತದೆ. ಈಗ ಎರಡೂ ಪ್ರೀಡಯಾಬಿಟಿಸ್ ಮಟ್ಟದಲ್ಲಿವೆ, ಏಕೆಂದರೆ ಎಚ್‌ಬಿಎ1ಸಿಯ ಆ ಮಟ್ಟ 5.7ರಿಂದ 6.4. ಬ್ರಿಟನ್ನಿನ ಕ್ರಮದಲ್ಲಾದರೆ ಆಕೆ ಸಿಕ್ಕಿಬೀಳುತ್ತಿದ್ದದ್ದು ಇಲ್ಲಿ. ಎರಡು ಗಂಟೆಯ ಪರೀಕ್ಷೆ ಆಕೆಗೆ ಗಳಿಸಿಕೊಟ್ಟದ್ದು ಹತ್ತು ತಿಂಗಳು. ಆ ಹತ್ತು ತಿಂಗಳಿಗೆ ಬೆಲೆಯಿದೆ. ಅಮೆರಿಕದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಅಧ್ಯಯನದಲ್ಲಿ ಪ್ರೀಡಯಾಬಿಟಿಸ್ ಇದ್ದು ಹಿಂದೆ ಬಸಿರಿನ ಸಕ್ಕರೆಯೂ ಆಗಿದ್ದ ಹೆಂಗಸರಲ್ಲಿ, ಊಟ ಮತ್ತು ನಡಿಗೆ ಬದಲಿಸಿ ತೂಕ ಇಳಿಸಿಕೊಂಡವರೂ ಮೆಟ್‌ಫಾರ್ಮಿನ್ ಎಂಬ ಸಕ್ಕರೆಯ ಮಾತ್ರೆ ತೆಗೆದುಕೊಂಡವರೂ ಮಧುಮೇಹಕ್ಕೆ ಜಾರುವುದನ್ನು ಸುಮಾರು ಅರ್ಧಕ್ಕೆ ಇಳಿಸಿದರು. ಮೆಟ್‌ಫಾರ್ಮಿನ್ ಬೇಕೇ ಎಂಬುದನ್ನು ವೈದ್ಯರೊಂದಿಗೆ ಮಾತಾಡುವ ಹೊತ್ತು ಇದು.

ಆಮೇಲೆ: ವರ್ಷಕ್ಕೊಮ್ಮೆಯೋ, ಮೂರು ವರ್ಷಕ್ಕೊಮ್ಮೆಯೋ?

ಮೊದಲ ಪರೀಕ್ಷೆ ಪೂರ್ತಿ ಸರಿಯಿದ್ದವರಿಗೆ ಅಮೆರಿಕದವರು 1ರಿಂದ 3 ವರ್ಷಕ್ಕೊಮ್ಮೆ, ಜೀವನಪೂರ್ತಿ ಎನ್ನುತ್ತಾರೆ. ಬ್ರಿಟನ್ನಿನವರು ವರ್ಷಕ್ಕೊಮ್ಮೆ. ಪ್ರೀಡಯಾಬಿಟಿಸ್ ಇದ್ದವರಿಗೆ ಎಲ್ಲರೂ ಒಪ್ಪುವುದು ವರ್ಷಕ್ಕೊಮ್ಮೆ.

ಮೂರು ವರ್ಷದ ಅಂತರವನ್ನು ತೂಕ ಹೆಚ್ಚಿಲ್ಲದ, ಬಸಿರಿನಲ್ಲಿ ಪಥ್ಯದಲ್ಲೇ ಸಕ್ಕರೆ ಹತೋಟಿಗೆ ಬಂದಿದ್ದ, ಅಪ್ಪ ಅಮ್ಮನಿಗೆ ಸಕ್ಕರೆ ಇಲ್ಲದ, ಇನ್ನು ಮಕ್ಕಳು ಬೇಡ ಎಂದು ತೀರ್ಮಾನಿಸಿರುವ ತಾಯಿಗೆ ಒಪ್ಪಬಹುದು. ಅಂಥವರಿಗೂ ನಾವು ಮೊದಲ ಐದು ವರ್ಷ ವರ್ಷಕ್ಕೊಮ್ಮೆಯೇ ಎನ್ನುತ್ತೇವೆ. ಬಸಿರಿನ ಸಕ್ಕರೆಯ ನಂತರ ಮಧುಮೇಹಕ್ಕೆ ತಿರುಗುವವರಲ್ಲಿ ಬಹಳ ಮಂದಿ ತಿರುಗುವುದು ಈ ಮೊದಲ ವರ್ಷಗಳಲ್ಲೇ. ಮೈಸೂರಿನ ಲೆಕ್ಕವೂ ಅದನ್ನೇ ತೋರಿಸಿತು. ಇನ್ಸುಲಿನ್ ಬೇಕಾಗಿದ್ದವರು, ಬಸಿರಿನ ಮೊದಲ ತಿಂಗಳುಗಳಲ್ಲೇ ಸಕ್ಕರೆ ಕಂಡವರು, ಖಾಲಿ ಹೊಟ್ಟೆಯ ಸಕ್ಕರೆಯೇ ಏರಿದ್ದವರು ಮೂರು ವರ್ಷದ ಮಾತನ್ನು ಕಿವಿಗೆ ಹಾಕಿಕೊಳ್ಳಲೇಬಾರದು.

ವರ್ಷದ ಪರೀಕ್ಷೆಗೆ ಪ್ರತಿ ಸಲ ಗ್ಲೂಕೋಸ್ ಕುಡಿಯಬೇಕೆಂದಿಲ್ಲ. ರಕ್ತಕಣಗಳು ಹಳೆಯ ಲಯಕ್ಕೆ ಮರಳಿದ ಮೇಲೆ ಎಚ್‌ಬಿಎ1ಸಿ ನಂಬಲು ಯೋಗ್ಯ. ಖಾಲಿ ಹೊಟ್ಟೆಯ ರಕ್ತವನ್ನೂ ಅದನ್ನೂ ಒಂದೇ ಚುಚ್ಚಿನಲ್ಲಿ ಮಾಡಿಸಿ, ಜೊತೆಗೆ ಹಿಮೋಗ್ಲೋಬಿನ್ ನೋಡಿಸಿ. ಹಿಮೋಗ್ಲೋಬಿನ್ ಕಡಿಮೆಯಿದ್ದರೆ, ಇಲ್ಲವೇ ಥಲಸೀಮಿಯಾದಂಥ ರಕ್ತದ ತೊಂದರೆ ಮನೆತನದಲ್ಲಿದ್ದರೆ, ಎಚ್‌ಬಿಎ1ಸಿಯನ್ನು ಬದಿಗಿಟ್ಟು ಗ್ಲೂಕೋಸ್ ಪರೀಕ್ಷೆಗೇ ಹೋಗಿ. ಎರಡೂ ಅಂಕಿಗಳು ಗಡಿಯೊಳಗಿದ್ದರೂ ವರ್ಷದಿಂದ ವರ್ಷಕ್ಕೆ ತೆವಳುತ್ತಿದ್ದರೆ, ಅಂದರೆ 90 ಇದ್ದದ್ದು 94, ಆಮೇಲೆ 98, 5.2 ಇದ್ದದ್ದು 5.4, ಆಮೇಲೆ 5.6 ಹೀಗಾದರೆ, ಆಗಲೂ ಎರಡು ಗಂಟೆಯ ಪರೀಕ್ಷೆ ಒಮ್ಮೆ ಮಾಡಿಸುವುದು ಸರಿ. ಇದು ಕಾಣಬೇಕಾದರೆ ಹಳೆಯ ವರದಿಗಳು ಒಂದೇ ಫೈಲಿನಲ್ಲಿರಬೇಕು. ದಿನಾಂಕ ಬಿದ್ದ ಕಾಗದವನ್ನು ತಾಯಿ ಕಾರ್ಡಿನೊಂದಿಗೆ ಇಡಿ.

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿ.ಪಿ., ಶುಗರ್ ತಪಾಸಣೆಗೆ ಮನೆಮನೆಗೆ ಬಂದು ಕರೆಯುವುದು 30 ವರ್ಷ ದಾಟಿದವರನ್ನು. 24ಕ್ಕೋ 26ಕ್ಕೋ ಹೆರಿಗೆಯಾದವಳ ಹೆಸರು ಆ ಪಟ್ಟಿಗೆ ಬರುವ ಹೊತ್ತಿಗೆ ನಾಲ್ಕಾರು ವರ್ಷ ಕಳೆದಿರುತ್ತದೆ, ಅದೂ ಬಹಳ ಮುಖ್ಯವಾದ ವರ್ಷಗಳು. ಆಶಾ ಕಾರ್ಯಕರ್ತೆಗೆ "ನನಗೆ ಬಸಿರಿನಲ್ಲಿ ಶುಗರ್ ಇತ್ತು" ಎಂದು ತಿಳಿಸಿ ಪರೀಕ್ಷೆಯನ್ನು ನೀವೇ ಕೇಳಿ ಮಾಡಿಸಿಕೊಳ್ಳಬೇಕು.

ವರ್ಷ ತುಂಬಲು ಕಾಯಬಾರದ ಸಂದರ್ಭಗಳೂ ಇವೆ. ಬಾಯಾರಿಕೆ, ಪದೇ ಪದೇ ಮೂತ್ರ, ಕಾರಣವಿಲ್ಲದೆ ತೂಕ ಇಳಿಯುವುದು, ವಾಸಿಯಾಗಿ ಮತ್ತೆ ಮತ್ತೆ ಮರಳುವ ಗುಪ್ತಾಂಗದ ತುರಿಕೆ ಕಂಡರೆ ಆ ವಾರವೇ ಹೋಗಬೇಕು. ಉಬ್ಬಸಕ್ಕೋ ಕೀಲುನೋವಿಗೋ ಕೆಲ ವಾರ ಸ್ಟಿರಾಯ್ಡ್ ಮಾತ್ರೆ ಬರೆದರೆ ಮೊದಲೇ ವೈದ್ಯರಿಗೆ ಹಳೆಯ ಸಕ್ಕರೆಯ ವಿಷಯ ಹೇಳಬೇಕು.

ಮತ್ತು ಇನ್ನೊಂದು ಮಗು ಬೇಕೆನಿಸಿದಾಗ. ಬಸಿರಿನ ಸಕ್ಕರೆ ಮುಂದಿನ ಬಸಿರಿನಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮರಳುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ನಡುವೆ ಮಧುಮೇಹವೇ ಬಂದು ಗೊತ್ತಾಗದೆ ಇರುವುದು. ಮಗುವಿನ ಹೃದಯ, ಬೆನ್ನುಹುರಿ ರೂಪುಗೊಳ್ಳುವುದು ಬಸಿರಿನ ಮೊದಲ ಎಂಟು ವಾರಗಳಲ್ಲಿ. ಮುಟ್ಟು ನಿಂತಿತೆಂದು ತಿಳಿದು ಆಸ್ಪತ್ರೆಗೆ ಬರುವ ಹೊತ್ತಿಗೆ ಆ ಕೆಲಸದ ಬಹುಪಾಲು ಆಗಿಹೋಗಿರುತ್ತದೆ. ಆದ್ದರಿಂದ ಗರ್ಭನಿರೋಧಕ ನಿಲ್ಲಿಸುವ ಮೊದಲೇ 75 ಗ್ರಾಂ ಪರೀಕ್ಷೆ ಮಾಡಿಸಬೇಕು, ಹಿಂದಿನ ವರ್ಷದ ಎಚ್‌ಬಿಎ1ಸಿ ಚೆನ್ನಾಗಿತ್ತು ಎಂದು ಬಿಡಬಾರದು. ಯೋಜಿಸದೆ ಬಸಿರಾದರೆ 24ನೇ ವಾರದ ತನಕ ಕಾಯದೆ ಮೊದಲ ಭೇಟಿಯಲ್ಲೇ ಸಕ್ಕರೆ ನೋಡಿಸಿ. ಅದು ಸರಿಯಿದ್ದರೂ 24ರಿಂದ 28ನೇ ವಾರದಲ್ಲಿ ಮತ್ತೊಮ್ಮೆ ಮಾಡಿಸಬೇಕು, ಏಕೆಂದರೆ ಮಾಸಿನ ಹಾರ್ಮೋನುಗಳ ಅಡ್ಡಿ ಜೋರಾಗುವುದು ಆಗ.